ಲಕ್ಷ್ಮೀನಾ, ಲಕ್ಷ್ಮಿನಾ, laxmiನಾ? ದೇವರನಾಮದ ವಿಡಿಯೊಗೆ ವಿವರ ಬರೆಯುವುದು ಹೇಗೆ

ನಮ್ಮ ಬೀದಿಯ ಭಜನಾ ಮಂಡಳಿಯವರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿ ರೆಕಾರ್ಡ್ ಮಾಡಿಸಿದರು. ಯೂಟ್ಯೂಬ್‌ಗೆ ಹಾಕುವ ಕೆಲಸ ನನ್ನ ತಲೆಗೆ ಬಂತು. ನಾನು ಶೀರ್ಷಿಕೆಯಲ್ಲಿ ‘Bhagyada Lakshmi Baramma’ ಅಂತಷ್ಟೇ ಬರೆದು, ಭಾಷೆ ಇಂಗ್ಲಿಷ್ ಅಂತ ಆರಿಸಿ, ಕೈತೊಳೆದುಕೊಂಡೆ. ಹಬ್ಬದ ದಿನ ಮಂಡಳಿಯ ಅತ್ತಿಗೆ ಫೋನ್ ಮಾಡಿದರು. "ಹುಡುಕಿದ್ರೆ ರಾಜಕುಮಾರ್ ಸಿನಿಮಾ ಬರ್ತಿದೆ ಕಣಪ್ಪ, ನಾವೆಲ್ಲಿದೀವಿ?"

ಅವರು ಹೇಳಿದ್ದು ನಿಜ. ಅದೇ ಹೆಸರಿನ ಸಿನಿಮಾ 1986ರಲ್ಲಿ ಬಂದಿದೆ. ಹಾಡನ್ನು ಹಾಡಿರುವವರಂತೂ ಲೆಕ್ಕವಿಲ್ಲದಷ್ಟು ಮಂದಿ. ಆ ಗುಂಪಿನಲ್ಲಿ ನಮ್ಮ ವಿಡಿಯೊ ಯಾವುದು, ಯಾರಿಗೆ ಬೇಕಾದದ್ದು ಅಂತ ಯೂಟ್ಯೂಬ್‌ಗೆ ನಾನು ಹೇಳಿರಲೇ ಇಲ್ಲ. ಆಮೇಲೆ ಕೂತು ಸರಿಮಾಡಿದ ಕ್ರಮ ಇಲ್ಲಿದೆ. ಹಾಡು ಇದೇ ಇರಲಿ, ಉದಾಹರಣೆಗೆ ಚೆನ್ನಾಗಿದೆ.

ಮೊದಲು ಹಬ್ಬದ ಹೆಸರು

ಈ ಹಾಡಿಗೆ ನಿಜವಾಗಿ ಹೊಂದುವ ಸಂದರ್ಭ ಯಾವುದು ಅಂತ ಮೊದಲು ಪಟ್ಟಿ ಮಾಡಿ. ವರಮಹಾಲಕ್ಷ್ಮಿ ಹಬ್ಬ, ಶ್ರಾವಣ ಶುಕ್ರವಾರ, ದೀಪಾವಳಿಯ ಲಕ್ಷ್ಮೀಪೂಜೆ. ಅಷ್ಟೇ. ಶುಕ್ರವಾರದ ಪೂಜೆಯ ಮಾತು ಹಾಡಿನ ಒಳಗೇ ಬರುವುದರಿಂದ ವರ್ಷದ ಬೇರೆ ಶುಕ್ರವಾರಗಳಲ್ಲೂ ಇದಕ್ಕೆ ಕೇಳುಗರಿದ್ದಾರೆ. ಸುಮ್ನೆ ಇರಲಿ ಅಂತ ಗಣೇಶ ಚೌತಿ, ಶಿವರಾತ್ರಿ ಸೇರಿಸಬೇಡಿ. ಗಣೇಶನ ಹಾಡು ಹುಡುಕಿ ಬಂದವರು ಅರ್ಧ ನಿಮಿಷದಲ್ಲಿ ಎದ್ದುಹೋಗುತ್ತಾರೆ. ಜೊತೆಗೆ ಸಂಬಂಧವಿಲ್ಲದ ಪದಗಳನ್ನು ತುರುಕುವುದು ಯೂಟ್ಯೂಬ್ ನಿಯಮಕ್ಕೂ ವಿರುದ್ಧ.

ಆಮೇಲೆ ಜನ ಅದನ್ನು ಹೇಗೆ ಟೈಪ್ ಮಾಡುತ್ತಾರೆ ಅನ್ನುವುದು. ಕನ್ನಡದಲ್ಲಿ ‘ವರಮಹಾಲಕ್ಷ್ಮಿ’, ‘ವರಮಹಾಲಕ್ಷ್ಮೀ’ ಎರಡೂ ಇವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಲ್ಲಿ ಕೆಲವರದು lakshmi, ಕೆಲವರದು laxmi. ಒಟ್ಟಿಗೆ varamahalakshmi, ಬಿಡಿಸಿ vara mahalakshmi. ತಮಿಳು, ತೆಲುಗು ಮನೆಗಳಲ್ಲಿ ಇದೇ ಹಬ್ಬ varalakshmi vratham. ಅವರ ಮನೆಗಳಲ್ಲೂ ಈ ಹಾಡು ಕೇಳಿಬರುತ್ತದೆ, ಹಾಗಾಗಿ ಈ ಹೆಸರನ್ನು ಬಿಡುವಂತಿಲ್ಲ.

ಯಾವುದು ಜಾಸ್ತಿ ಅಂತ ಊಹಿಸುವುದು ಬೇಡ. ಗೂಗಲ್ ಟ್ರೆಂಡ್ಸ್ ತೆರೆಯಿರಿ. ಮೇಲಿರುವ `Web Search` ಅನ್ನು `YouTube Search` ಅಂತ ಬದಲಿಸಿ, ಜಾಗ ಕರ್ನಾಟಕ, ಅವಧಿ ಐದು ವರ್ಷ ಇಟ್ಟು ಎರಡು ಮೂರು ರೂಪಗಳನ್ನು ಹೋಲಿಸಿ. ಪ್ರತಿ ವರ್ಷ ಹಬ್ಬದ ವಾರದಲ್ಲಿ ಗೆರೆ ಗೋಪುರದ ಹಾಗೆ ಎದ್ದು ಬೀಳುತ್ತದೆ. ಯಾವ ರೂಪದ ಗೋಪುರ ಎತ್ತರವೋ ಅದಕ್ಕೆ ಶೀರ್ಷಿಕೆಯಲ್ಲಿ ಜಾಗ. ಉಳಿದವು ಟ್ಯಾಗ್‌ಗೆ.

ಹಬ್ಬದ ತಾರೀಕು ಓಡಾಡುತ್ತದೆ ಅನ್ನುವುದನ್ನೂ ಮರೆಯಬೇಡಿ. 2023ರಲ್ಲಿ ಆಗಸ್ಟ್ 25, 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8. ಅದಕ್ಕೇ ಶೀರ್ಷಿಕೆಯಲ್ಲಿ ಇಸವಿ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ವರ್ಷ ಅದು ಹಳೇ ಕ್ಯಾಲೆಂಡರ್ ಥರ ಕಾಣುತ್ತದೆ. ವಿಡಿಯೊ ಮಾತ್ರ ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಹಾಕಿ. ಹಿಂದಿನ ದಿನ ಹಾಕಿದರೆ ಜನ ಹುಡುಕುವ ಹೊತ್ತಿಗೆ ಅದು ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ.

ಶೀರ್ಷಿಕೆಗೆ ನೂರೇ ಅಕ್ಷರ

ಯೂಟ್ಯೂಬ್ ಶೀರ್ಷಿಕೆಗೆ ಕೊಡುವ ಮಿತಿ 100 ಅಕ್ಷರ. ಆದರೆ ಅದರ ಲೆಕ್ಕ ನಮ್ಮ ಲೆಕ್ಕವಲ್ಲ. ‘ಲಕ್ಷ್ಮೀ’ ನಮಗೆ ಎರಡಕ್ಷರ. ಕಂಪ್ಯೂಟರ್‌ಗೆ ಏಳು: ಲ, ಕ, ಒತ್ತು ತರುವ ಒಂದು ಅರ್ಧಾಕ್ಷರ ಚಿಹ್ನೆ, ಷ, ಅಂಥದೇ ಮತ್ತೊಂದು ಚಿಹ್ನೆ, ಮ, ದೀರ್ಘ ಈ ಚಿಹ್ನೆ. ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಮುಗಿಯುತ್ತದೆ. ನಾವು ಕೊನೆಗೆ ಇಟ್ಟ ಶೀರ್ಷಿಕೆ ಇದು:

```
ಭಾಗ್ಯದ ಲಕ್ಷ್ಮೀ ಬಾರಮ್ಮ | Bhagyada Lakshmi Baramma | ಪುರಂದರದಾಸರು | ವರಮಹಾಲಕ್ಷ್ಮಿ ಹಬ್ಬ
```

ಇದು 82. ರಾಗದ ಹೆಸರು ಸೇರಿಸಿದರೆ 98 ಆಗಿ ಹಿಡಿಯುತ್ತಿತ್ತು, ಆದರೂ ಸೇರಿಸಲಿಲ್ಲ. ಮೊಬೈಲ್‌ನಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಹಬ್ಬದ ದಿನ ಹುಡುಕುವ ಗೃಹಿಣಿ ರಾಗ ನೋಡುವುದಿಲ್ಲ. ಕಛೇರಿಯ ವಿಡಿಯೊ ಆಗಿದ್ದರೆ ಹಬ್ಬವನ್ನು ತೆಗೆದು ರಾಗ ಇಡುತ್ತಿದ್ದೆ. ‘ಪುರಂದರದಾಸರು’ ಅನ್ನುವ ಒಂದು ಪದ ಇಲ್ಲಿ ಎರಡು ಕೆಲಸ ಮಾಡುತ್ತದೆ. ದೇವರನಾಮ ಹುಡುಕುವವರಿಗೆ ಸಿಗುತ್ತದೆ, ಇದು ಸಿನಿಮಾ ಅಲ್ಲ ಅಂತಲೂ ತಿಳಿಸುತ್ತದೆ.

ಸಾಹಿತ್ಯದ ಭಾಷೆ

ನಾನು ಎಡವಿದ್ದು ಇಲ್ಲೇ. ಶೀರ್ಷಿಕೆ ಇಂಗ್ಲಿಷ್ ಅಕ್ಷರದಲ್ಲಿದೆ ಅಂತ ಭಾಷೆಯನ್ನೂ ಇಂಗ್ಲಿಷ್ ಮಾಡಿದ್ದೆ. ಲಿಪಿ ಬೇರೆ, ಭಾಷೆ ಬೇರೆ, ಅಲ್ವಾ? ಯೂಟ್ಯೂಬ್ ಸ್ಟುಡಿಯೊದಲ್ಲಿ ವಿಡಿಯೊದ ವಿವರದ ಪುಟಕ್ಕೆ ಹೋಗಿ, ಕೆಳಗಿನ `Show more` ಒತ್ತಿ. `Video language` ಅಂತ ಒಂದು ಜಾಗವಿದೆ. ಅದು ಬಾಯಲ್ಲಿ ಬರುವ ಭಾಷೆ, ಇಲ್ಲಿ ಕನ್ನಡ. `Title and description language` ನೀವು ಬರೆದಿರುವ ವಿವರದ ಭಾಷೆ. ಎರಡನ್ನೂ ನೋಡಿಯೇ ಆರಿಸಿ. ತಪ್ಪಾಗಿದೆ ಅಂತ ತಿಳಿಯುವುದು ಸುಲಭ: ತಾನಾಗಿ ಬರುವ ಕ್ಯಾಪ್ಶನ್ ಆನ್ ಮಾಡಿ. ನಮ್ಮದರಲ್ಲಿ ‘ಬಾರಮ್ಮ’ ಅಂದಲ್ಲೆಲ್ಲ ಇಂಗ್ಲಿಷ್‌ನಲ್ಲಿ ಯಾವುದೋ ಬಾರ್ ಬಂದು ಕೂತಿತ್ತು. ಲಕ್ಷ್ಮಿಯನ್ನು ಬಾರಿಗೆ ಕರೆದ ಹಾಗಾಯಿತು!

ಹಾಡಿನ ಮುಂಚೆ ಸಂಸ್ಕೃತ ಶ್ಲೋಕ ಇದ್ದರೆ ಭಾಷೆ ಬದಲಿಸಬೇಕಿಲ್ಲ. ಹೆಚ್ಚಿನ ಭಾಗ ಯಾವುದೋ ಅದನ್ನು ಆರಿಸಿ, ಶ್ಲೋಕದ ವಿಚಾರ ವಿವರಣೆಯಲ್ಲಿ ಬರೆಯಿರಿ. ಬೇರೆ ಭಾಷೆಯವರಿಗಾಗಿ ಶೀರ್ಷಿಕೆಯ ತೆಲುಗು, ತಮಿಳು ರೂಪವನ್ನು ಸ್ಟುಡಿಯೊದ ಭಾಷೆಗಳ ವಿಭಾಗದಲ್ಲಿ ಪ್ರತ್ಯೇಕವಾಗಿ ಸೇರಿಸಬಹುದು. ಎಲ್ಲವನ್ನೂ ಒಂದೇ ಶೀರ್ಷಿಕೆಯಲ್ಲಿ ಗಿಡಿದು ತುಂಬುವುದಕ್ಕಿಂತ ಅದು ವಾಸಿ.

ಸಾಹಿತ್ಯ ಹಾಕುವಾಗ ಇನ್ನೊಂದು ಎಚ್ಚರಿಕೆ. ಮಂಡಳಿಯವರು ಕೊಟ್ಟ ಹಾಡಿನ ಫೈಲ್ ಹಳೇ ನುಡಿ ಫಾಂಟ್‌ನಲ್ಲಿತ್ತು. ಅದನ್ನು ಹಾಗೇ ಅಂಟಿಸಿದಾಗ ‘ಭಾಗ್ಯದ’ ಅನ್ನುವುದು ಹೀಗೆ ಬಂತು:

```
¨sÁUÀåzÀ
```

ಇದು ಕಣ್ಣಿಗೆ ಕಾಣುವ ತೊಂದರೆ ಮಾತ್ರವಲ್ಲ. ಹುಡುಕಾಟಕ್ಕೆ ಇಲ್ಲಿ ಕನ್ನಡವೇ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಂದು ಸಲ ಓದಿ. ಪರಿವರ್ತನೆಯಲ್ಲಿ ಅರ್ಕಾವತ್ತು, ದೀರ್ಘಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ.

ರಾಗ ಯಾವುದು, ಯಾರ ರಾಗ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ದಾಸರ ಪದಗಳಲ್ಲಿ ಹೆಚ್ಚಿನವಕ್ಕೆ ಅವರು ಹಾಡಿದ ಮಟ್ಟು ನಮಗೆ ಉಳಿದಿಲ್ಲ. ಈಗ ಕೇಳುವುದು ಆಮೇಲಿನವರು ಕೂಡಿಸಿದ್ದು. ಒಂದೇ ಪದವನ್ನು ಬೇರೆ ಬೇರೆಯವರು ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ. ಹಾಗಾಗಿ ಪುಸ್ತಕ ನೋಡಿ ರಾಗ ಬರೆಯಬೇಡಿ, ನಿಮ್ಮ ರೆಕಾರ್ಡಿಂಗ್ ಕೇಳಿ ಬರೆಯಿರಿ.

ನಮ್ಮ ಹಾಡಿಗೆ ಒಬ್ಬರು ಮಧ್ಯಮಾವತಿ ಅಂದರು, ಇನ್ನೊಬ್ಬರು ಶ್ರೀ ಅಂದರು. ಪಿಟೀಲು ಮೇಷ್ಟ್ರ ಹತ್ತಿರ ಹೋದೆವು. ಅವರು ಎರಡು ಸಲ ಕೇಳಿ, "ಇಳಿಯುವಾಗ ಗಾಂಧಾರ ಎಲ್ಲಿದೆ ತೋರಿಸಿ ನೋಡೋಣ" ಅಂದರು. ಎಲ್ಲೂ ಇರಲಿಲ್ಲ. ಕರ್ನಾಟಕ ಸಂಗೀತದಲ್ಲಿ ಎರಡೂ ರಾಗ ಹತ್ತುವಾಗ ಒಂದೇ: ಸ ರಿ ಮ ಪ ನಿ ಸ. ಇಳಿಯುವಾಗ ಮಧ್ಯಮಾವತಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಶ್ರೀರಾಗ ಮಾತ್ರ ಕೊನೆಯಲ್ಲಿ ‘ರಿ ಗ ರಿ ಸ’ ಅಂತ ಗಾಂಧಾರವನ್ನು ಮುಟ್ಟಿ ಬರುತ್ತದೆ. ನಮ್ಮದು ಮಧ್ಯಮಾವತಿ ಅಂತ ತೀರ್ಮಾನವಾಯಿತು.

ಒಂದು ವೇಳೆ ಶ್ರೀ ಆಗಿದ್ದರೂ ಬರೀ ‘ರಾಗ ಶ್ರೀ’ ಅಂತ ಬರೆದರೆ ಸಾಲದು. ಧಾರವಾಡದ ಕಡೆ ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಶ್ರೀ ಅಂದರೆ ಕೋಮಲ ರಿಷಭ, ತೀವ್ರ ಮಧ್ಯಮದ ಬೇರೆಯೇ ರಾಗ. ತೋಡಿಯದೂ ಇದೇ ಕಥೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹತ್ತಿರ, ಹಿಂದೂಸ್ತಾನಿಯ ತೋಡಿಗೆ ಹತ್ತಿರವಾದದ್ದು ನಮ್ಮ ಶುಭಪಂತುವರಾಳಿ. ಹೆಸರಿನ ಪಕ್ಕ ಪದ್ಧತಿಯನ್ನೂ ಬರೆದುಬಿಟ್ಟರೆ ಈ ಗೊಂದಲವಿಲ್ಲ. ಮಧ್ಯಮಾವತಿಗೆ ಮಧುಮಾದ್ ಸಾರಂಗ್ ಹೋಲುತ್ತದೆ ಅಂತ ಆ ಹೆಸರನ್ನೂ ಸೇರಿಸುವ ಆಸೆ ಆಗುತ್ತದೆ. ಬೇಡ. ನೀವು ಹಾಡಿದ್ದು ಅದನ್ನಲ್ಲ.

ಕಾಗುಣಿತ ಎರಡು ಇರಲಿ: madhyamavathi, madhyamavati. ನಾವು ದಕ್ಷಿಣದವರು th ಬರೆಯುತ್ತೇವೆ, ಉತ್ತರದವರು t.

ವಿವರಣೆ, ಟ್ಯಾಗ್

ವಿವರಣೆಗೆ 5000 ಅಕ್ಷರ ಸಿಗುತ್ತದೆ, ಆದರೆ ಹುಡುಕುವವರಿಗೆ ಕಾಣುವುದು ಮೊದಲ ಒಂದೆರಡು ಸಾಲು. ಚಾನೆಲ್‌ಗೆ ಸಬ್‌ಸ್ಕ್ರೈಬ್ ಮಾಡಿ ಅನ್ನುವುದನ್ನು ಅಲ್ಲಿ ಇಡಬೇಡಿ.

```
ಭಾಗ್ಯದ ಲಕ್ಷ್ಮೀ ಬಾರಮ್ಮ – ವರಮಹಾಲಕ್ಷ್ಮಿ ಹಬ್ಬಕ್ಕೆ ಪುರಂದರದಾಸರ ದೇವರನಾಮ
ಸಾಹಿತ್ಯದ ಭಾಷೆ: ಕನ್ನಡ / Kannada
ರಾಗ: ಮಧ್ಯಮಾವತಿ / Madhyamavathi, ಕರ್ನಾಟಕ ಸಂಗೀತ
ಸಂದರ್ಭ: ಶ್ರಾವಣ ಶುಕ್ರವಾರ, ದೀಪಾವಳಿ ಲಕ್ಷ್ಮೀಪೂಜೆ

0:00 ಶ್ಲೋಕ, ಸಂಸ್ಕೃತ
0:48 ಭಾಗ್ಯದ ಲಕ್ಷ್ಮೀ ಬಾರಮ್ಮ
6:10 ಮಂಗಳಾರತಿ
```

ಇದರ ಕೆಳಗೆ ಪೂರ್ತಿ ಸಾಹಿತ್ಯ. ಸಮಯ ಬರೆದ ಸಾಲುಗಳು ಅಧ್ಯಾಯಗಳಾಗಬೇಕಾದರೆ ಮೊದಲನೆಯದು 0:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗೆ ಕಡಿಮೆ ಆಗಬಾರದು. ರಾಗಮಾಲಿಕೆ ಹಾಡಿದ್ದರೆ ಈ ಸಾಲುಗಳಲ್ಲೇ ರಾಗಗಳನ್ನು ಅನುಕ್ರಮವಾಗಿ ಬರೆಯಬಹುದು.

ಟ್ಯಾಗ್‌ಗಳ ಬಲ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ಅವು ಕೆಲಸಕ್ಕೆ ಬರುವುದು ಕಾಗುಣಿತ ತಪ್ಪುವ ಪದಗಳಿಗೆ. ಒಟ್ಟು 500 ಅಕ್ಷರದೊಳಗೆ laxmi, vara mahalaxmi, barama ಇಂಥವನ್ನೆಲ್ಲ ಅಲ್ಲಿಗೆ ಕಳಿಸಿ. ಇದೇ ಪಟ್ಟಿಯನ್ನು ವಿವರಣೆಯಲ್ಲೂ ಸುರಿದರೆ ನಿಯಮ ಮುರಿದ ಹಾಗೆ.

ಹಬ್ಬ ಮುಗಿದ ಮೇಲೆ

ಒಂದು ವಾರ ಬಿಟ್ಟು ಸ್ಟುಡಿಯೊದ ಅಂಕಿಅಂಶದಲ್ಲಿ ಯೂಟ್ಯೂಬ್ ಹುಡುಕಾಟದಿಂದ ಬಂದವರು ಯಾವ ಪದ ಟೈಪ್ ಮಾಡಿದ್ದರು ಅಂತ ನೋಡಿ. ಪ್ರತಿ ಪದದ ಎದುರಿಗೆ ಎಷ್ಟು ಹೊತ್ತು ನೋಡಿದರು ಅನ್ನುವುದೂ ಇರುತ್ತದೆ. ಹಳೆಯ ಶೀರ್ಷಿಕೆಯಿದ್ದಾಗ movie ಅನ್ನುವ ಪದ ಸೇರಿಸಿ ಹುಡುಕಿದವರು ನಮ್ಮಲ್ಲಿಗೆ ಬಂದು ತಕ್ಷಣ ಹೋಗಿದ್ದರು. ಹೊಸ ಶೀರ್ಷಿಕೆಯ ನಂತರ ಆ ಸಾಲು ಕೆಳಗಿಳಿಯಿತು. ‘ಶುಕ್ರವಾರದ ಹಾಡು’ ಅಂತ ಕನ್ನಡದಲ್ಲೇ ಟೈಪ್ ಮಾಡಿ ಬಂದವರೂ ಇದ್ದರು, ಕೊನೇತನಕ ಕೇಳಿದ್ದರು. ಅದು ನಮಗೆ ಹೊಳೆದೇ ಇರಲಿಲ್ಲ.

ಶೀರ್ಷಿಕೆ ಬದಲಿಸಿದರೆ ವಿಡಿಯೊದ ಕೊಂಡಿ ಬದಲಾಗುವುದಿಲ್ಲ, ವೀಕ್ಷಣೆಯ ಲೆಕ್ಕವೂ ಹೋಗುವುದಿಲ್ಲ. ಹಾಗಾಗಿ ನವರಾತ್ರಿ ಮುಗಿದ ಮೇಲೆ ನಾವು ಕೊನೆಯ ತುಂಡನ್ನು ತೆಗೆದು ‘ದೀಪಾವಳಿ ಲಕ್ಷ್ಮೀಪೂಜೆ’ ಹಾಕಿದೆವು. ದೀಪಾವಳಿ ಕಳೆದ ಮೇಲೆ ಅದೇ ಜಾಗಕ್ಕೆ ‘ಶುಕ್ರವಾರದ ಹಾಡು’ ಬಂತು. ಆಷಾಢ ಶುರುವಾದಾಗ ಮತ್ತೆ ‘ವರಮಹಾಲಕ್ಷ್ಮಿ ಹಬ್ಬ’ ಹಾಕಬೇಕು ಅಂತ ಅತ್ತಿಗೆ ತಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ.