ಡಿಸೆಂಬರ್ 14ರಿಂದ ಮಾರ್ಚ್ 25ಕ್ಕೆ ಎಷ್ಟು ರಾತ್ರಿ?

ಅಕ್ಕನ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇನ್ನು ಎಷ್ಟು ದಿನ ಇದೆ ಎಂದು ದಿನವೂ ಸ್ಲೇಟಿನಲ್ಲಿ ಬರೆದು ಅವಳ ಮೇಜಿನ ಮೇಲಿಡಬೇಕು ಎಂಬುದು ಆ ಹುಡುಗನ ಆಸೆ. ಅವನು ಆಗ ನಾಲ್ಕನೆಯ ತರಗತಿಯಲ್ಲಿದ್ದ. ಉಡುಪಿಯ ನಮ್ಮ ಮನೆಯ ಚಾವಡಿಗೆ ಸಂಜೆ ಲೆಕ್ಕ ಕಲಿಯಲು ಬರುತ್ತಿದ್ದ. 2023ರ ಡಿಸೆಂಬರ್ 14, ಗುರುವಾರ. ಪರೀಕ್ಷೆ ಶುರುವಾಗುವುದು 2024ರ ಮಾರ್ಚ್ 25ಕ್ಕೆ. ಅವನು ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, "101 ದಿನ, ಟೀಚರ್" ಎಂದ.

ಹೇಗೆ ಎಂದು ಕೇಳಿದೆ. ಡಿಸೆಂಬರ್ 14ರಿಂದ ಮಾರ್ಚ್ 14ಕ್ಕೆ ಮೂರು ತಿಂಗಳು, ತಿಂಗಳಿಗೆ 30ರಂತೆ 90. ಆಮೇಲೆ 14ರಿಂದ 25ಕ್ಕೆ 11. ಒಟ್ಟು 101.

ಇಂಥ ಉತ್ತರಕ್ಕೆ ನಾನು ಹಿಂದಿನ ವರ್ಷಗಳಲ್ಲಿ ಸರಿ ಗುರುತು ಹಾಕಿದ್ದೇನೆ. ಅದು ನನ್ನ ತಪ್ಪು ಎಂದು ತಿಳಿದದ್ದು ಆ ಸಂಜೆಯೇ. ಡಿಸೆಂಬರ್, ಜನವರಿ, ಫೆಬ್ರುವರಿ ಈ ಮೂರನ್ನು ದಾಟುವಾಗ ಸಾಮಾನ್ಯ ವರ್ಷದಲ್ಲಿ 31, 31, 28 ಸೇರಿ ಸರಿಯಾಗಿ 90 ಆಗುತ್ತದೆ. ಹಾಗಾಗಿ ಮಾರ್ಚ್ ಪರೀಕ್ಷೆಯ ಲೆಕ್ಕದಲ್ಲಿ ಎಲ್ಲ ತಿಂಗಳಿಗೂ 30 ಹಿಡಿದ ಮಗುವಿಗೂ ಸರಿಯುತ್ತರವೇ ಬಂದುಬಿಡುತ್ತದೆ. 2024ರಲ್ಲಿ ಫೆಬ್ರುವರಿಗೆ 29 ದಿನ ಇದ್ದುದರಿಂದ ಒಂದು ದಿನದ ವ್ಯತ್ಯಾಸವಾದರೂ ಕಾಣಿಸಿತು. ಜುಲೈ 10ರಿಂದ ಸೆಪ್ಟೆಂಬರ್ 10ಕ್ಕೆ ಎಷ್ಟು ಎಂದು ಕೇಳಿದೆ. ಅವನು 60 ಎಂದ. ಗೋಡೆಯ ಕ್ಯಾಲೆಂಡರ್ ತೆಗೆದು ಎಣಿಸಿದರೆ 62. ಹುಡುಗ ಕ್ಯಾಲೆಂಡರನ್ನೇ ಅನುಮಾನದಿಂದ ನೋಡಿದ.

ತಿಂಗಳ ದಿನಗಳನ್ನು ನೆನಪಿಡುವುದು ಕಷ್ಟವಾಗಲಿಲ್ಲ. ಮುಷ್ಟಿ ಹಿಡಿದು ತೋರುಬೆರಳಿನ ಗೆಣ್ಣಿನಿಂದ ಹೊರಟರೆ ಗೆಣ್ಣಿಗೆ 31, ನಡುವಿನ ತಗ್ಗಿಗೆ ಅದಕ್ಕಿಂತ ಕಡಿಮೆ. ಕಿರುಬೆರಳಿನ ಗೆಣ್ಣಿಗೆ ಜುಲೈ ಬಂದು ನಿಂತ ಮೇಲೆ ಆಗಸ್ಟ್ ಮತ್ತೆ ತೋರುಬೆರಳಿನ ಗೆಣ್ಣಿನಿಂದ ಶುರು. ಇದನ್ನು ಅವನ ಅಜ್ಜಿ ಮೊದಲೇ ಕಲಿಸಿದ್ದರು.

ತೊಡಕಾದದ್ದು ಯಾವ ತಿಂಗಳ ಉದ್ದವನ್ನು ಹಿಡಿಯಬೇಕು ಎಂಬಲ್ಲಿ. ಜನವರಿ 20ರಿಂದ ಫೆಬ್ರುವರಿ 20ಕ್ಕೆ ಎಷ್ಟು ಎಂದರೆ 29 ಎಂದ. ಕಣ್ಣ ಮುಂದಿರುವುದು ಫೆಬ್ರುವರಿ, ಅದಕ್ಕೆ 29. ಆದರೆ ನಾವು ದಾಟುವುದು ಜನವರಿಯ ಕೊನೆಯನ್ನು. 20ರಿಂದ 31ಕ್ಕೆ 11, ಅಲ್ಲಿಂದ ಫೆಬ್ರುವರಿಯ 20, ಒಟ್ಟು 31. ಬಿಟ್ಟು ಹೊರಡುವ ತಿಂಗಳ ಉದ್ದವೇ ಲೆಕ್ಕಕ್ಕೆ ಬರುತ್ತದೆ, ಸೇರುವ ತಿಂಗಳದ್ದಲ್ಲ. ಇದನ್ನು ನಿಯಮವಾಗಿ ಬಾಯಿಪಾಠ ಮಾಡಿಸಿದರೆ ಮರುದಿನಕ್ಕೆ ತಲೆಕೆಳಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ತಿಂಗಳ ಕೊನೆಯಲ್ಲೆಲ್ಲ ನಿಂತು ಹೋಗುವುದನ್ನು ಅಭ್ಯಾಸ ಮಾಡಿಸಿದೆ. ಇಂದಿನಿಂದ ಈ ತಿಂಗಳ ಕೊನೆಗೆ ಎಷ್ಟು, ನಡುವಿನ ಪೂರ್ತಿ ತಿಂಗಳುಗಳು ಎಷ್ಟು, ಕೊನೆಯ ತಿಂಗಳಲ್ಲಿ ತಾರೀಕು ಎಷ್ಟೋ ಅಷ್ಟು.

ಆಗ ಮೊದಲ ಹೆಜ್ಜೆಯಲ್ಲೇ ಜಗಳ ಬಂತು. ಡಿಸೆಂಬರ್ 14ರಿಂದ 31ಕ್ಕೆ 18 ಎಂದು ಅವನು, 17 ಎಂದು ನಾನು. ಅವನು 14ನ್ನೂ ಬೆರಳಿನಲ್ಲಿ ಎಣಿಸಿದ್ದ. "ಇವತ್ತೂ ದಿನವೇ ಅಲ್ಲವಾ, ಟೀಚರ್?" ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದು. "ಎಷ್ಟು ದಿನ ಇದೆ" ಎಂಬ ಮಾತಿಗೇ ಎರಡು ಮೂರು ಅರ್ಥ. ನಾನು ಪ್ರಶ್ನೆಯನ್ನೇ ಬದಲಿಸಿದೆ: ಪರೀಕ್ಷೆಯ ಬೆಳಿಗ್ಗೆ ಏಳುವ ಮೊದಲು ಅಕ್ಕ ಎಷ್ಟು ರಾತ್ರಿ ಮಲಗಬೇಕು? ನಾಳೆಯೇ ಪರೀಕ್ಷೆಯಾದರೆ ಒಂದು ರಾತ್ರಿ. ನಾಡಿದ್ದಾದರೆ ಎರಡು. ರಾತ್ರಿ ಎಣಿಸುವಾಗ ಮಕ್ಕಳು ಎಡವುವುದಿಲ್ಲ. 14ರಿಂದ 31ಕ್ಕೆ 17 ರಾತ್ರಿ ಎಂದು ಅವನೇ ಒಪ್ಪಿದ.

17, ಜನವರಿಯ 31, ಫೆಬ್ರುವರಿಯ 29, ಮಾರ್ಚ್‌ನ 25. ಕೂಡಿದರೆ 102 ರಾತ್ರಿ. ನಾಳೆಯಿಂದ ಪರೀಕ್ಷೆಯ ಹಿಂದಿನ ದಿನದವರೆಗೆ ಓದಲು ಸಿಗುವ ಪೂರ್ತಿ ದಿನಗಳು ಅದಕ್ಕಿಂತ ಒಂದು ಕಡಿಮೆ, 101. ಅವನು ಮೊದಲು ಹೇಳಿದ ಸಂಖ್ಯೆಯೂ ಅದೇ ಆಗಿತ್ತು! ಉತ್ತರವನ್ನಷ್ಟೇ ನೋಡಿದ್ದರೆ ಅವನ ತಪ್ಪು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅಂದಿನಿಂದ ನಾನು ಈ ಲೆಕ್ಕದಲ್ಲಿ ಉತ್ತರಕ್ಕಿಂತ ಮೊದಲು ದಾರಿಯನ್ನು ಕೇಳುತ್ತೇನೆ.

ಇನ್ನು 102 ಸರಿ ಎಂದು ಅವನೇ ಪರೀಕ್ಷಿಸುವುದು ಹೇಗೆ? ಅಟ್ಟದಲ್ಲಿದ್ದ ಚೆನ್ನೆಮಣೆಯನ್ನು ಇಳಿಸಿದೆ. ಅದರ ಒಂದು ಸಾಲಿಗೆ ಏಳು ಗುಳಿ, ವಾರಕ್ಕೂ ಏಳು ದಿನ. ಗುಳಿಗಳ ಪಕ್ಕ ಸೀಮೆಸುಣ್ಣದಲ್ಲಿ ವಾರಗಳ ಹೆಸರು ಬರೆದೆವು. ಆಟಕ್ಕೆಂದು ಇಟ್ಟಿದ್ದ ಮಂಜೊಟ್ಟಿ ಕಾಳು 56 ಮಾತ್ರ ಇದ್ದುದರಿಂದ 102ನ್ನು ಒಟ್ಟಿಗೆ ಹಾಕಲಾಗಲಿಲ್ಲ, ತಿಂಗಳು ತಿಂಗಳಾಗಿ ಹಾಕಿದೆವು. ಅದೇ ಒಳ್ಳೆಯದಾಯಿತು. ಇಂದು ಗುರುವಾರ, ಹಾಗಾಗಿ ಶುಕ್ರವಾರದ ಗುಳಿಯಿಂದ ಒಂದೊಂದೇ ಕಾಳು ಹಾಕುತ್ತ ಹೋದ. ಹದಿನೇಳನೆಯ ಕಾಳು ಭಾನುವಾರದ ಗುಳಿಗೆ ಬಿತ್ತು. ಕ್ಯಾಲೆಂಡರ್ ನೋಡಿದರೆ ಡಿಸೆಂಬರ್ 31 ಭಾನುವಾರ. ಕಾಳುಗಳನ್ನು ಬಾಚಿಕೊಂಡು ಮುಂದಿನ ಗುಳಿಯಿಂದ 31 ಹಾಕಿದ, ಬುಧವಾರ. ಮತ್ತೆ 29, ಗುರುವಾರ. ಮತ್ತೆ 25, ಸೋಮವಾರ. ಮಾರ್ಚ್ 25 ಸೋಮವಾರವೇ. ಎಲ್ಲಾದರೂ ಒಂದು ದಿನ ಜಾರಿದ್ದರೆ ಆ ತಿಂಗಳ ಕೊನೆಯಲ್ಲೇ ಸಿಕ್ಕಿಬೀಳುತ್ತಿತ್ತು. ಮೂರನೆಯ ತಿಂಗಳಿಗೆ ಬರುವಷ್ಟರಲ್ಲಿ ಏಳರ ಕಟ್ಟುಗಳನ್ನು ಹಾಕಿಯೂ ಪ್ರಯೋಜನವಿಲ್ಲ, ಗುಳಿ ಬದಲಾಗುವುದಿಲ್ಲ ಎಂದು ಅವನಿಗೇ ಹೊಳೆಯಿತು. 29ರಲ್ಲಿ 28 ಬಿಟ್ಟು ಒಂದೇ ಕಾಳು ಹಾಕಿದ.

ಈ ಪರೀಕ್ಷೆಗೂ ಒಂದು ಕುರುಡು ಜಾಗವಿದೆ. ಅದು ಕಂಡದ್ದು ಮರುವರ್ಷ. 2025ರ ಪರೀಕ್ಷೆ ಮಾರ್ಚ್ 21, ಶುಕ್ರವಾರ ಆರಂಭವಾಗುವುದಿತ್ತು. 2024ರ ಡಿಸೆಂಬರ್ 20ರ ಶುಕ್ರವಾರ ಅವನು ಪಕ್ಕದ ಮನೆಯ ಅಣ್ಣನಿಗಾಗಿ ಲೆಕ್ಕ ಮಾಡಿ 63 ಎಂದು ತಂದ. ಕಾಳು ಹಾಕಿ ನೋಡಿದ್ದಾನಂತೆ, ಶುಕ್ರವಾರಕ್ಕೇ ಬಿದ್ದಿದೆ. ಅವನ ಸ್ಲೇಟಿನಲ್ಲಿ 11, 31, 21 ಇತ್ತು, ಫೆಬ್ರುವರಿಯೇ ಇರಲಿಲ್ಲ. ಆ ವರ್ಷ ಫೆಬ್ರುವರಿಗೆ 28 ದಿನ, ಅಂದರೆ ಸರಿಯಾಗಿ ನಾಲ್ಕು ವಾರ. ಅದನ್ನು ಪೂರ್ತಿ ಮರೆತರೂ ಗುಳಿ ಅದೇ. ಹಿಂದಿನ ವರ್ಷ ಹೀಗೆ ಮರೆತಿದ್ದರೆ 29ರ ಆ ಒಂದು ಕಾಳು ಅವನನ್ನು ಎಚ್ಚರಿಸುತ್ತಿತ್ತು.

ಅಲ್ಲಿ ನೆರವಿಗೆ ಬಂದದ್ದು ನಾನು ಬಿಡಿಸಿದ್ದ ಹಳೆಯ ಅಭ್ಯಾಸವೇ. "ಡಿಸೆಂಬರ್ 20ರಿಂದ ಮಾರ್ಚ್ 20ಕ್ಕೆ ಮೂರು ತಿಂಗಳು. ತಿಂಗಳಿಗೆ 30 ಎಂದರೆ ಅಂದಾಜು ಎಷ್ಟಾಗಬೇಕು?" ಎಂದು ಕೇಳಿದೆ. 90ರ ಹತ್ತಿರ ಎಂದವನು ಸ್ಲೇಟನ್ನು ನೋಡಿಕೊಂಡ, 21ರ ಮೇಲೆ ಇಕ್ಕಟ್ಟಾಗಿ 28 ಬರೆದ, 63ನ್ನು ಅಂಗಿಯ ತೋಳಿನಿಂದ ಒರೆಸಿ 91 ಮಾಡಿ ಪಕ್ಕದ ಮನೆಗೆ ಓಡಿದ.