ಅರವತ್ತಕ್ಕೆ ನಿಲ್ಲಿಸಿದೆ, ಬ್ಯಾಟರಿ ಉಳಿಯಿತು

ನನ್ನ ಲ್ಯಾಪ್‌ಟಾಪ್ ದಿನವಿಡೀ ಮೇಜಿನ ಮೇಲೆ ಪ್ಲಗ್‌ನಲ್ಲೇ ಇರುತ್ತೆ. "ಫುಲ್ ಆದ ಮೇಲೆ ಚಾರ್ಜಿಂಗ್ ತಾನಾಗೇ ನಿಲ್ಲುತ್ತೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ?" ಅಂತ ಜೊತೆಯಲ್ಲಿ ಕೆಲಸ ಮಾಡುವವರು ಹೇಳುತ್ತಲೇ ಇದ್ದರು. ನಿಲ್ಲುತ್ತೆ, ನಿಜ. ಆದರೆ ಸೆಲ್ 4.2 ವೋಲ್ಟ್ ಆಸುಪಾಸಿನಲ್ಲೇ ದಿನವಿಡೀ ಕೂತಿರುತ್ತೆ, ಪಕ್ಕದಲ್ಲೇ ಪ್ರೊಸೆಸರ್ ಬಿಸಿ. ಆ ಎರಡೂ ಸೇರಿದಾಗ ಒಳಗಿನ ಎಲೆಕ್ಟ್ರೊಲೈಟ್ ಕೆಡುತ್ತೆ, ಗ್ಯಾಸ್ ಹುಟ್ಟುತ್ತೆ.

ನನ್ನ ಮೊದಲ ಬ್ಯಾಟರಿ ಎರಡು ವರ್ಷಕ್ಕೆ ಉಬ್ಬಿತು. ಮೊದಲು ಗೊತ್ತಾಗಿದ್ದು ಟಚ್‌ಪ್ಯಾಡಿನಿಂದ: ಕ್ಲಿಕ್ ಗಟ್ಟಿಯಾಯಿತು, ಆಮೇಲೆ ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದಿತು, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತಿತ್ತು. ಟಚ್‌ಪ್ಯಾಡೇ ಹಾಳಾಗಿದೆ ಅಂದುಕೊಂಡು ಅದನ್ನು ಬದಲಾಯಿಸಿದೆ, ಆ ದುಡ್ಡು ದಂಡ. ಬ್ಯಾಟರಿಗೆ ಮತ್ತೆ ಬೇರೆ ಕೊಡಬೇಕಾಯಿತು.

ಎರಡನೆಯದಕ್ಕೆ ದಿನಾ ವೈರ್ ತೆಗೆದು, 20ಕ್ಕೆ ಇಳಿಸಿ ಮತ್ತೆ 100ಕ್ಕೆ ಏರಿಸಿದೆ. ಉಬ್ಬಲಿಲ್ಲ, ಆದರೆ ಚಾರ್ಜ್ ಸೈಕಲ್ ಜಾಸ್ತಿಯಾಗಿ ಹತ್ತಿರ ಹತ್ತಿರ ಕಾಲು ಭಾಗ ಸಾಮರ್ಥ್ಯ ಹೋಯಿತು.

ಮೂರನೆಯದಕ್ಕೆ 60 ಶೇಕಡಾ ದಾಟಿ ಚಾರ್ಜ್ ಆಗದಂತೆ ಲಿಮಿಟ್ ಹಾಕಿದೆ. ನನ್ನ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಇಷ್ಟೇ:

```
echo 60 | sudo tee /sys/class/power_supply/BAT0/charge_control_end_threshold
```

ಇಲ್ಲೇ ನಾನು ಎಡವಿದ್ದು. ಬ್ಯಾಟರಿ 100ರಲ್ಲಿದ್ದಾಗ ಇದನ್ನು ಕೊಟ್ಟು, ಕೆಲಸ ಆಯಿತು ಅಂತ ಮೂರು ವಾರ ಪ್ಲಗ್‌ನಲ್ಲೇ ಬಿಟ್ಟೆ. ಆಮೇಲೆ ನೋಡಿದರೆ ಇನ್ನೂ 98! ಲಿಮಿಟ್ ಅನ್ನೋದು ಮೇಲಕ್ಕೆ ಹೋಗದಂತೆ ತಡೆಯುತ್ತೆ ಅಷ್ಟೇ, ನನ್ನ ಲ್ಯಾಪ್‌ಟಾಪಿನಲ್ಲಿ ಅದು ತಾನಾಗಿ ಕೆಳಗಿಳಿಸಲ್ಲ. ಒಮ್ಮೆ ವೈರ್ ತೆಗೆದು 55ರವರೆಗೆ ಇಳಿಸಿ, ಆಮೇಲೆ ಮತ್ತೆ ಪ್ಲಗ್ ಹಾಕಿದೆ, ಆಗ 60ಕ್ಕೆ ಬಂದು ನಿಂತಿತು. ಇನ್ನೊಂದು ವಿಷಯ, ನನ್ನದರಲ್ಲಿ ರೀಬೂಟ್ ಆದರೆ ಈ ಸೆಟ್ಟಿಂಗ್ ಮರೆತುಹೋಗುತ್ತಿತ್ತು, ಹಾಗಾಗಿ ಬೂಟ್ ಆದಾಗಲೆಲ್ಲ ತಾನೇ ಓಡುವಂತೆ ಒಂದು ಸಣ್ಣ ಸರ್ವೀಸ್ ಬರೆದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100 ಆಗುವಂತೆಯೂ ಮಾಡಿದ್ದೇನೆ, ಅದನ್ನು ಇನ್ನೊಮ್ಮೆ ಹೇಳುತ್ತೇನೆ.

80 ಸಾಲದಾ ಅಂದರೆ, ಆಗಾಗ ಹೊರಗೆ ಒಯ್ಯುವವರಿಗೆ 80 ಸರಿ. ನಾನು ಮೇಜು ಬಿಟ್ಟು ಏಳುವುದೇ ಕಡಿಮೆ. ಈ ನಡುವೆ ಲ್ಯಾಪ್‌ಟಾಪಿನ ಕೆಳಗೆ ಎರಡು ಮರದ ತುಂಡು ಇಟ್ಟು ಗಾಳಿಯಾಡುವಂತೆ ಮಾಡಿದೆ, ಬ್ಯಾಟರಿ ಇರುವ ಜಾಗ ಕೈಗೆ ಬಿಸಿ ತಾಗುವುದೇ ನಿಂತಿತು.

ಮೂರು ವರ್ಷ ದಾಟಿದೆ. ಈಗಿನ ಸಾಮರ್ಥ್ಯ ತೋರಿಸುವ `energy_full` ಅನ್ನು ಹೊಸದಿದ್ದಾಗಿನ `energy_full_design` ಜೊತೆ ಹೋಲಿಸಿದರೆ ಸುಮಾರು 93 ಶೇಕಡಾ ಉಳಿದಿದೆ. ವಿಂಡೋಸ್‌ನವರು `powercfg /batteryreport` ಕೊಟ್ಟು ನೋಡಿ. ಅವತ್ತು ಬೇಡ ಅಂದವರಲ್ಲಿ ಇಬ್ಬರು ಈಗ ನನ್ನಿಂದಲೇ ಆ ಸರ್ವೀಸ್ ಹಾಕಿಸಿಕೊಂಡಿದ್ದಾರೆ.

ತಿಂಗಳುಗಟ್ಟಲೆ 60ರಲ್ಲೇ ಇದ್ದರೆ ಶೇಕಡಾ ಲೆಕ್ಕ ತಪ್ಪಬಹುದು. ನನಗೆ ಒಮ್ಮೆ 30 ತೋರಿಸುತ್ತಿರುವಾಗಲೇ ಆಫ್ ಆಯಿತು. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ತುಂಬಿಸಿ, ಚೆನ್ನಾಗಿ ಇಳಿಸಿ, ಮತ್ತೆ ಲಿಮಿಟ್‌ಗೆ ತರುತ್ತೇನೆ. ಈಗಾಗಲೇ ಉಬ್ಬಿರುವ ಬ್ಯಾಟರಿಗೆ ಮಾತ್ರ ಇದ್ಯಾವುದೂ ಬೇಡ: ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ತೆಗೆಸಿಬಿಡಿ.