ಜೋತುಬಿದ್ದ ಬಾಗಿಲು: ಮೇಲಿನ ಸ್ಕ್ರೂ, ಕೆಳಗಿನ ಸ್ಕ್ರೂ

ಅಡುಗೆಮನೆಯ ಕ್ಯಾಬಿನೆಟ್‌ನಲ್ಲಿ ಅಕ್ಕಪಕ್ಕದ ಎರಡು ಬಾಗಿಲುಗಳನ್ನು ಮುಚ್ಚಿ ಎದುರು ನಿಂತು ನೋಡಿ. ನಡುವಿನ ಸಂದು ಮೇಲೆ ಸಣ್ಣದಾಗಿ, ಕೆಳಗೆ ಅಗಲವಾಗಿ ಕಾಣುತ್ತಿದೆಯೇ? ಹಾಗಿದ್ದರೆ ಒಂದು ಬಾಗಿಲು ಜೋತುಬಿದ್ದಿದೆ. ಹಿಡಿ ಇರುವ ಕಡೆಯ ಕೆಳಮೂಲೆ ಪಕ್ಕದ ಬಾಗಿಲಿಗಿಂತ ತುಸು ಕೆಳಗಿರುತ್ತದೆ. ಬಹಳ ಜನ ಆಗ ಬಾಗಿಲನ್ನೇ ಮೇಲಕ್ಕೆತ್ತಲು ಹೋಗುತ್ತಾರೆ. ಆದರೆ ಬಾಗಿಲು ಇಳಿದಿಲ್ಲ, ವಾಲಿದೆ. ವಾಲಿದ್ದನ್ನು ಸರಿಮಾಡುವುದು ಎತ್ತರದ ಸ್ಕ್ರೂ ಅಲ್ಲ, ಅಡ್ಡಕ್ಕೆ ಸರಿಸುವ ಸ್ಕ್ರೂ.

ಬಾಗಿಲು ತೆರೆದು ಹಿಂಜ್ ನೋಡಿ. ಬಾಗಿಲಲ್ಲಿ ಕೊರೆದ ದುಂಡು ಗುಳಿಯಲ್ಲಿ ಒಂದು ಬಟ್ಟಲು ಕೂತಿರುತ್ತದೆ. ಅದರಿಂದ ಹೊರಟ ತೋಳು ಕ್ಯಾಬಿನೆಟ್‌ನ ಪಕ್ಕದ ಹಲಗೆಗೆ ಬಿಗಿದ ಪ್ಲೇಟಿನ ಮೇಲೆ ಕೂರುತ್ತದೆ. ತೋಳಿನ ಮೇಲೆ ಬಾಗಿಲಿಗೆ ಹತ್ತಿರದ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ. ಹಿಂದಿನ ಸ್ಕ್ರೂ ಬಾಗಿಲನ್ನು ಒಳಹೊರಗೆ ಮಾಡಲು. ಹಳೆಯ ಮಾದರಿಗಳಲ್ಲಿ ತೋಳನ್ನು ಹಿಡಿದಿರುವುದೇ ಈ ಹಿಂದಿನ ಸ್ಕ್ರೂ. ಅದನ್ನು ಪೂರ್ತಿ ಬಿಚ್ಚಿದರೆ ಬಾಗಿಲು ಕೈಗೆ ಬರುತ್ತದೆ, ಜೋಪಾನ. ಎತ್ತರಕ್ಕೆ ಬೇಕಾದ ಸ್ಕ್ರೂ ಪ್ಲೇಟಿನಲ್ಲಿರುತ್ತದೆ.

ಯಾವುದನ್ನೂ ತಿರುಗಿಸುವ ಮೊದಲು ಬಾಗಿಲನ್ನು ಹಿಡಿಯ ಕಡೆ ಹಿಡಿದು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಜೊತೆಗೆ ಪ್ಲೇಟೂ ಅಲುಗಿದರೆ ಸಮಸ್ಯೆ ಬೇರೆ. ಪ್ಲೇಟಿನ ಸ್ಕ್ರೂ ಬಿಗಿಮಾಡಿ. ಬಿಗಿಯಾಗದೆ ಸುಮ್ನೆ ತಿರುಗುತ್ತಿದ್ದರೆ ಹಲಗೆಯ ತೂತು ಸವೆದಿದೆ ಎಂದರ್ಥ. ಸ್ಕ್ರೂ ತೆಗೆದು, ತೂತಿನೊಳಗೆ ಮರದ ಗೋಂದು ಹಚ್ಚಿದ ಹಲ್ಲುಕಡ್ಡಿಗಳನ್ನು ತುರುಕಿ, ಒಂದು ದಿನ ಒಣಗಿಸಿ ಮತ್ತೆ ಬಿಗಿಯಿರಿ. ನೀರು ಕುಡಿದು ಉಬ್ಬಿದ ಹಲಗೆಗೆ ಈ ಉಪಾಯ ಹೆಚ್ಚು ದಿನ ನಿಲ್ಲುವುದಿಲ್ಲ. ಅಲ್ಲಿ ಪ್ಲೇಟನ್ನು ಗಟ್ಟಿ ಜಾಗಕ್ಕೆ ಬದಲಾಯಿಸುವುದೇ ಸರಿ.

ಈಗ ಒಂದು ಬಾಗಿಲನ್ನು ತೆಗೆದುಕೊಳ್ಳೋಣ. ಹಿಂಜ್ ಎಡಕ್ಕಿದೆ. ಅಗಲ 40 ಸೆಂಟಿಮೀಟರ್, ಎತ್ತರ 70. ಎರಡು ಹಿಂಜ್‌ಗಳ ನಡುವೆ 50 ಸೆಂಟಿಮೀಟರ್. ಬಲಮೂಲೆ 2 ಮಿಲಿಮೀಟರ್ ಕೆಳಗಿದೆ. ಪಕ್ಕದ ಬಾಗಿಲಿನ ಜೊತೆಗಿನ ಸಂದು ಮೇಲೆ 1 ಮಿಲಿಮೀಟರ್, ಕೆಳಗೆ ನಾಲ್ಕೂವರೆ. ಬಾಗಿಲಿನ ತಲೆ ಬಲಕ್ಕೆ ವಾಲಿದೆ, ಕಾಲು ಎಡಕ್ಕೆ ಸರಿದಿದೆ. ಹಾಗಾಗಿ ಮೇಲಿನ ಹಿಂಜ್‌ನಲ್ಲಿ ಬಾಗಿಲನ್ನು ಎಡಕ್ಕೆ, ಅಂದರೆ ಹಿಂಜ್ ಕಡೆಗೆ ಎಳೆಯಬೇಕು. ಕೆಳಗಿನದರಲ್ಲಿ ಬಲಕ್ಕೆ ತಳ್ಳಬೇಕು. 70 ಸೆಂಟಿಮೀಟರ್ ಎತ್ತರಕ್ಕೆ ಸಂದು ಮೂರೂವರೆ ಮಿಲಿಮೀಟರ್ ಬದಲಾಗಿದೆ, ಹಾಗಾಗಿ ಹಿಂಜ್‌ಗಳ ನಡುವಿನ 50 ಸೆಂಟಿಮೀಟರ್‌ಗೆ ಒಟ್ಟು ಎರಡೂವರೆ ಮಿಲಿಮೀಟರ್ ವ್ಯತ್ಯಾಸ ಬೇಕು, ಅದನ್ನು ಎರಡಕ್ಕೂ ಹಂಚಿದರೆ ಒಂದೊಂದಕ್ಕೆ ಒಂದೂಕಾಲು. ಮೇಲಿನದೊಂದನ್ನೇ ತಿರುಗಿಸಿದರೂ ಬಾಗಿಲು ನೆಟ್ಟಗಾಗುತ್ತದೆ, ಆದರೆ ಸ್ಕ್ರೂ ಬೇಗ ಕೊನೆ ಮುಟ್ಟುತ್ತದೆ, ಸಂದೂ ಅಗಲವಾಗಿ ಉಳಿಯುತ್ತದೆ. ಹಂಚಿದರೆ ಅದು ಮೇಲೂ ಕೆಳಗೂ ಸುಮಾರು ಎರಡೂಮುಕ್ಕಾಲು ಮಿಲಿಮೀಟರ್‌ಗೆ ಬಂದು ನಿಲ್ಲುತ್ತದೆ.

ಯಾವ ದಿಕ್ಕಿಗೆ ತಿರುಗಿಸಬೇಕು? ಅದನ್ನು ನೆನಪಿಡುವ ಗೋಜಿಗೆ ನಾನು ಹೋಗುವುದಿಲ್ಲ. ಅರ್ಧ ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ, ನೋಡಿ. ಉಲ್ಟಾ ಹೋಗಿದ್ದರೆ ವಾಪಸ್ ತಿರುಗಿಸಿ. ತೆರೆದ ಬಾಗಿಲನ್ನು ನೋಡಿ ಅಂದಾಜು ಮಾಡಬೇಡಿ, ಮುಚ್ಚಿದಾಗ ಕಾಣುವ ಸಂದೇ ಲೆಕ್ಕ. ತುದಿ ಸರಿಯಾಗಿ ಕೂರುವ ಪ್ಲಸ್ ಸ್ಕ್ರೂಡ್ರೈವರ್ ಇರಲಿ. ಸಣ್ಣ ತುದಿ ಜಾರಿ ಸ್ಕ್ರೂವಿನ ತಲೆ ಸವೆಯುತ್ತದೆ. ಡ್ರಿಲ್ ಮೆಷಿನ್ ಅಂತೂ ಬೇಡವೇ ಬೇಡ. ಹಿಂಜ್ ಮೂರಿದ್ದರೆ ಮಧ್ಯದ್ದರ ಅಡ್ಡ ಸ್ಕ್ರೂವನ್ನೂ ಜೊತೆಜೊತೆಗೆ ಹೊಂದಿಸುತ್ತಾ ಹೋಗಿ, ಇಲ್ಲದಿದ್ದರೆ ಅದು ಬಾಗಿಲನ್ನು ತಡೆದು ಹಿಡಿಯುತ್ತದೆ.

ವಾಲಿದ್ದು ಸರಿಹೋದ ಮೇಲೂ ಬಾಗಿಲಿನ ಎರಡೂ ಕೆಳಮೂಲೆಗಳು ಒಂದೇ ಅಳತೆಗೆ ಕೆಳಗಿದ್ದರೆ ಆಗ ಎತ್ತರ ಮುಟ್ಟಿ. ಪ್ಲೇಟಿನ ಸ್ಕ್ರೂಗಳನ್ನು ಕೊಂಚ ಸಡಿಲಿಸಬೇಕಾದ ಮಾದರಿಯಾದರೆ ಇನ್ನೊಬ್ಬರು ಬಾಗಿಲು ಹಿಡಿದುಕೊಳ್ಳಲಿ. ಬಾಗಿಲು ಕ್ಯಾಬಿನೆಟ್‌ನ ಅಂಚಿಗೆ ಉಜ್ಜಿ ಪೂರ್ತಿ ಮುಚ್ಚದೆ ಹಿಂದಕ್ಕೆ ಪುಟಿದರೆ ಹಿಂದಿನ ಸ್ಕ್ರೂನಿಂದ ಎರಡೂ ಹಿಂಜ್‌ಗಳನ್ನು ಒಂದೇ ಸಮ ಹೊರಕ್ಕೆ ತನ್ನಿ.

ಅಡ್ಡ ಸ್ಕ್ರೂ ಕೊನೆ ಮುಟ್ಟಿದರೂ ಸಂದು ಸರಿಯಾಗದಿದ್ದರೆ ಒತ್ತಬೇಡಿ. ಕ್ಯಾಬಿನೆಟ್‌ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅಳತೆ ಬೇರೆ ಬೇರೆ ಬಂದರೆ ಸೊಟ್ಟಗಿರುವುದು ಬಾಗಿಲಲ್ಲ, ಪೆಟ್ಟಿಗೆಯೇ. ಆಗ ಕೆಲಸ ಶುರುವಾಗುವುದು ಕ್ಯಾಬಿನೆಟ್‌ನ ಕಾಲುಗಳಿಂದ ಅಥವಾ ಗೋಡೆಯ ಸ್ಕ್ರೂಗಳಿಂದ.